ಆಟೋಪೇ ಹಾಕಿದ್ದೀನಿ ಮಾಮ

ನಮ್ಮಕ್ಕನ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಕೈಗೆ ಬರೋದು 26 ಸಾವಿರ. ಮೂರನೇ ಸಂಬಳಕ್ಕೇ ಒಂದು ಬ್ಯಾಂಕಿನವರು ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಕೊಟ್ಟರು. ಮೊನ್ನೆ ಹಬ್ಬಕ್ಕೆ ಊರಿಗೆ ಬಂದಾಗ ಮುಖ ಸಪ್ಪಗಿತ್ತು. "ಮಾಮ, ಆಟೋಪೇ ಹಾಕಿದ್ದೀನಿ, ಪ್ರತಿ ತಿಂಗಳೂ ದುಡ್ಡು ಕಟ್ ಆಗ್ತಿದೆ, ಆದ್ರೂ ಬಿಲ್ ಇಳೀತಾನೇ ಇಲ್ಲ" ಅಂದ.

ಫೋನ್ ಇಸ್ಕೊಂಡು ನೋಡಿದೆ. ಆಟೋಪೇ ಹಾಕಿದ್ದ, ನಿಜ. ಆದರೆ ಅದರಲ್ಲಿ ಎರಡು ಆಯ್ಕೆ ಇರುತ್ತೆ: ಪೂರ್ತಿ ಬಾಕಿ ಕಟ್ಟೋದು, ಇಲ್ಲಾ ಮಿನಿಮಮ್ ಡ್ಯೂ ಕಟ್ಟೋದು. ಇವನದು ಮಿನಿಮಮ್ ಮೇಲೆ ನಿಂತಿತ್ತು. ಫಾರಂ ತುಂಬುವಾಗ ಯಾರು ಟಿಕ್ ಮಾಡಿದರೋ, ಅವನಿಗೂ ನೆನಪಿಲ್ಲ.

ಮೊದಲ ಬಿಲ್ಲಿನ ಕಥೆ ಹೀಗಿದೆ. ಜೂನ್ 20ಕ್ಕೆ 12,000ದ ಮೊಬೈಲ್, ಜುಲೈ 1ಕ್ಕೆ 6,400ರ ಬಟ್ಟೆ, ಶೂ. ಜುಲೈ 15ಕ್ಕೆ ಬಿಲ್ ಆಯ್ತು, 18,400. ಕಟ್ಟಲು ಕಡೇ ದಿನ ಆಗಸ್ಟ್ 4. ಅವತ್ತು ಖಾತೆಯಿಂದ ಹೋಗಿದ್ದು ಅದರ ಶೇಕಡಾ 5, ಅಂದ್ರೆ 920 ರೂಪಾಯಿ. ಉಳಿದದ್ದು ಮುಂದಿನ ತಿಂಗಳಿಗೆ ಹೋಯ್ತು, ಅಷ್ಟೇ ತಾನೇ ಅಂದುಕೊಂಡಿದ್ದ.

ಅಷ್ಟೇ ಅಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿ ಶುರುವಾಗೋದು ಆಗಸ್ಟ್ 4ರಿಂದಲ್ಲ, ಕಾರ್ಡ್ ಉಜ್ಜಿದ ದಿನದಿಂದ. ಮೊಬೈಲಿಗೆ ಜೂನ್ 20ರಿಂದಲೇ ಲೆಕ್ಕ. ಇವನ ಕಾರ್ಡಿನ ದರ ತಿಂಗಳಿಗೆ 3.5, ಅಂದ್ರೆ ವರ್ಷಕ್ಕೆ 42. ಆಗಸ್ಟ್ 15ರ ಬಿಲ್ಲಿಗೆ ಬಡ್ಡಿಯೇ ಸಾವಿರ ದಾಟಿತ್ತು, ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಎರಡೂ ಸೇರಿ 1,200ರ ಮೇಲೆ. ಕಟ್ಟಿದ್ದು 920! ಹಾಗಾಗಿ ಸಾಲ 18,400ರಿಂದ ಇಳಿಯೋ ಬದಲು 18,700ರ ಹತ್ತಿರ ಬಂದು ಕೂತಿತ್ತು. ಬಾಕಿ ಇರೋವಾಗ ಉಜ್ಜಿದ ಹೊಸ ಖರ್ಚಿಗೂ ಬಡ್ಡಿಯಿಲ್ಲದ ದಿನಗಳು ಸಿಗಲ್ಲ. ಇಂದಿರಾನಗರದಲ್ಲಿ ತಿಂದ ಬಿರಿಯಾನಿಗೂ ಅವತ್ತಿನಿಂದಲೇ ಬಡ್ಡಿ.

ಅಕ್ಕ ಬೈದು ಬೈದು, ಕೊನೆಗೆ ಚೀಟಿ ದುಡ್ಡು ತೆಗೆದು ಪೂರ್ತಿ ಕಟ್ಟಿಸಿದಳು. ಮುಂದಿನ ಬಿಲ್ಲಿನಲ್ಲಿ ಮತ್ತೆ ಇನ್ನೂರು ಚಿಲ್ಲರೆ ಬಡ್ಡಿ ಬಂತು. "ಮೋಸ ಮಾಮ" ಅಂತ ಕೂಗಾಡಿದ. ಮೋಸ ಅಲ್ಲ ಕಣೋ, ಬಿಲ್ ಆದ ದಿನಕ್ಕೂ ನೀನು ಕಟ್ಟಿದ ದಿನಕ್ಕೂ ನಡುವಿನ ಬಡ್ಡಿ ಅದು ಅಂದೆ.

ಪಾಯಿಂಟ್ಸ್ ಬರುತ್ತಲ್ಲ ಅಂತ ಕೇಳೋರಿಗೆ: ಶೇಕಡಾ ಒಂದು ಕ್ಯಾಶ್‌ಬ್ಯಾಕ್ ಅಂದ್ರೂ ತಿಂಗಳಿಗೆ ಹತ್ತು ಸಾವಿರ ಉಜ್ಜಿದರೆ ನೂರು ರೂಪಾಯಿ. ಒಂದು ಸಲ ಎಡವಿದರೆ ವರ್ಷದ ಪಾಯಿಂಟ್ಸ್ ಪೂರ್ತಿ ಹೋಯ್ತು.

ಹಾಗಂತ ಕಾರ್ಡ್ ಕತ್ತರಿಸಿ ಬಿಸಾಕು ಅಂತ ನಾನು ಹೇಳಲಿಲ್ಲ. ನಾಳೆ ಬೈಕಿಗೋ ಮನೆಗೋ ಸಾಲ ಕೇಳಿದಾಗ ಬ್ಯಾಂಕು ಮೊದಲು ನೋಡೋದು ಸಿಬಿಲ್ ಸ್ಕೋರ್. ಡೆಬಿಟ್ ಕಾರ್ಡ್, ಯುಪಿಐನಲ್ಲಿ ಎಷ್ಟು ಖರ್ಚು ಮಾಡಿದರೂ ಅದು ಕಟ್ಟಿಕೊಳ್ಳಲ್ಲ. ಇನ್ನೊಂದು, ಆನ್‌ಲೈನ್‌ನಲ್ಲಿ ಯಾರಾದರೂ ಟೋಪಿ ಹಾಕಿದರೆ ಡೆಬಿಟ್ ಕಾರ್ಡಲ್ಲಿ ಹೋಗೋದು ನಮ್ಮ ಸಂಬಳ, ತಕರಾರು ಮುಗಿಯೋವರೆಗೆ ಬಾಡಿಗೆಗೆ ಪರದಾಡಬೇಕು. ಕ್ರೆಡಿಟ್ ಕಾರ್ಡಲ್ಲಾದರೆ ಕನಿಷ್ಠ ಖಾತೆ ಖಾಲಿಯಾಗಲ್ಲ.

ದಿನದ ಖರ್ಚಿಗೆ ಮಾತ್ರ ಬೇಡ ಅಂದೆ. ಅದರಲ್ಲೂ ರುಪೇ ಕ್ರೆಡಿಟ್ ಕಾರ್ಡನ್ನ ಯುಪಿಐಗೆ ಜೋಡಿಸೋದು ಬೇಡ. ರೂಮ್‌ಮೇಟ್‌ಗೆ ಬಾಡಿಗೆ ಪಾಲು ಕಳಿಸೋಕೆ ಅದು ಬರಲ್ಲ, ಅಂಗಡಿಯವರಿಗೆ ಮಾತ್ರ. ಅಂಗಡಿಯಲ್ಲೂ ಅದೇ ಕ್ಯೂಆರ್, ಅದೇ ಆ್ಯಪ್. ಹದಿನೈದು ರೂಪಾಯಿ ಟೀ ಸಾಲದಲ್ಲಿ ಕುಡಿದೆನೋ ಸಂಬಳದಲ್ಲೋ ಅಂತ ಗೊತ್ತೇ ಆಗಲ್ಲ.

ಯುಪಿಐ ಏನು ಸಾಚಾ ಅಲ್ಲ. ಚಿಲ್ಲರೆ ಚಿಲ್ಲರೆಯಾಗಿ ಸೋರಿ ಹೋಗುತ್ತೆ, 20ನೇ ತಾರೀಖಿಗೆ ಖಾತೆ ಬರಿದು. ಅದಕ್ಕೆ ಯುಪಿಐ ಲೈಟ್ ಹಾಕಿಸಿದೆ. ಸೋಮವಾರ ಅದರಲ್ಲಿ 1,500 ತುಂಬಿಸಬೇಕು, ಟೀ, ತಿಂಡಿ, ಮೆಟ್ರೋ, ಆಟೋ ಎಲ್ಲಾ ಅದರಿಂದಲೇ. ಪಿನ್ ಕೇಳಲ್ಲ, ಹಾಗಾಗಿ ಫೋನ್ ಲಾಕ್ ಗಟ್ಟಿ ಇರಬೇಕು. ಖಾಲಿಯಾದಾಗ ತಾನಾಗೇ ತುಂಬಿಕೊಳ್ಳೋ ಆಟೋ ಟಾಪ್‌ಅಪ್ ಆಫ್ ಮಾಡಿಸಿದೆ, ಇಲ್ಲಾಂದ್ರೆ ಲೈಟ್ ಹಾಕಿಯೂ ಉಪಯೋಗವಿಲ್ಲ.

ಕ್ರೆಡಿಟ್ ಕಾರ್ಡಲ್ಲಿ ಈಗ ಉಳಿದಿರೋದು ಮೊಬೈಲ್ ರೀಚಾರ್ಜ್ ಮತ್ತು ಊರಿಗೆ ಬರೋ ರೈಲು ಟಿಕೆಟ್ ಮಾತ್ರ. ಆಟೋಪೇ ಪೂರ್ತಿ ಬಾಕಿಗೆ ಬದಲಾಯಿಸಿದ್ದಾನೆ. ಬ್ಯಾಂಕಿಗೆ ಹೇಳಿ ಬಿಲ್ ದಿನಾಂಕವನ್ನೂ ಸರಿಸಿಕೊಂಡ, ಸಂಬಳ ಬಂದ ಮೂರನೇ ದಿನಕ್ಕೆ ಕಟ್ ಆಗೋ ಹಾಗೆ. ಈ ತಿಂಗಳ ಬಿಲ್ 734 ರೂಪಾಯಿ. ಅದರ ಸ್ಕ್ರೀನ್‌ಶಾಟ್ ಅವರಮ್ಮನಿಗೂ ಕಳಿಸಿದ್ದಾನಂತೆ, ಚೀಟಿ ದುಡ್ಡಿನ ಮಾತು ಮಾತ್ರ ಇನ್ನೂ ಎತ್ತಿಲ್ಲ.