ರೀಲ್ಸ್ ಬಿಟ್ಟು ಬರೆಯೋಕೆ ಕೂತಿದ್ದು ಯಾಕೆ ಅಂದ್ರೆ

ಹೋದ ವರ್ಷ ಮಾರ್ಚ್‌ನಲ್ಲಿ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಸರ್ರ, ನಿಮ್ಮ ವಿಡಿಯೋ ನೋಡೇ ಮಾಡೀನ್ರಿ. ನೀವು ಹೇಳಿದಷ್ಟೇ ಪುಡಿ, ಹೇಳಿದಷ್ಟೇ ಆಯಿಲ್. ಆದ್ರ ಮಣೂಕ ತೂಕಾನ ಬರವಲ್ದು."

ಮರುದಿನ ಅವರ ಶೆಡ್‌ಗೆ ಹೋದೆ. ರ‍್ಯಾಕಿನ ಬಲೆ ಮೇಲೆ ಮಣೂಕ, ಅಂದ್ರೆ ಒಣದ್ರಾಕ್ಷಿ, ಒಣಗಿತ್ತು. ಬಣ್ಣ ಚೆನ್ನಾಗಿಯೇ ಇತ್ತು, ಆದರೆ ಕಾಳು ಸಣ್ಣ, ಚಪ್ಪಟೆ. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ತಿರುಳೇ ಸಿಗಲಿಲ್ಲ, ಬರೀ ಸಿಪ್ಪೆ. ತೋಟದಲ್ಲಿ ಕೊಯ್ಯದೆ ಉಳಿದಿದ್ದ ಗೊಂಚಲಿನ ರಸವನ್ನು ಸಿಹಿ ಅಳೆಯುವ ಬ್ರಿಕ್ಸ್ ಮೀಟರ್‌ಗೆ ಹಾಕಿ ನೋಡಿದೆ. 17 ತೋರಿಸಿತು.

ತಪ್ಪು ಅವರದ್ದಲ್ಲ. ನನ್ನ ಒಂದು ನಿಮಿಷದ ಕ್ಲಿಪ್‌ನಲ್ಲಿ ಬೇಗ ಒಣಗಲಿ ಅಂತ ಗೊಂಚಲು ಅದ್ದುವ ದ್ರಾವಣದ ಅಳತೆ ಇತ್ತು: 100 ಲೀಟರ್ ನೀರಿಗೆ ಎರಡೂವರೆ ಕೆಜಿ ಪೊಟ್ಯಾಶಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪಿಂಗ್ ಆಯಿಲ್. ಗೊಂಚಲು ಎರಡರಿಂದ ನಾಲ್ಕು ನಿಮಿಷ ಮುಳುಗಿರಬೇಕು ಅಂತಲೂ ಹೇಳಿದ್ದೆ. "ಬ್ರಿಕ್ಸ್ 22 ಆಗೋತನಕ ಕೊಯ್ಯಬೇಡಿ" ಅನ್ನೋದನ್ನು ಕೂಡ ಶೂಟ್ ಮಾಡುವಾಗ ಹೇಳಿದ್ದೆ. ಆಮೇಲೆ ಕ್ಲಿಪ್ ಉದ್ದ ಆಯ್ತು ಅಂತ ನಾನೇ ಅದನ್ನು ಕತ್ತರಿಸಿದೆ.

ಆ ಒಂದು ವಾಕ್ಯದ ಬೆಲೆ ಲೆಕ್ಕ ಹಾಕೋಣ. ಸಿದ್ಧವಾದ ಮಣೂಕದಲ್ಲಿ ನೀರು ಸುಮಾರು 15 ಭಾಗ, ಉಳಿದ 85 ಭಾಗ ಹಣ್ಣಿನ ಸತ್ವ. ಆ ಸತ್ವದಲ್ಲಿ ಹೆಚ್ಚಿನದು ಸಕ್ಕರೆ. 22 ಬ್ರಿಕ್ಸ್ ಅಂದ್ರೆ ರಸದ ನೂರು ಭಾಗದಲ್ಲಿ ಸುಮಾರು 22 ಭಾಗ ಈ ಸತ್ವ. 22 ಬ್ರಿಕ್ಸ್ ಇರುವ ಒಂದು ಟನ್ ಹಣ್ಣು ಒಣಗಿಸಿದರೆ ಹತ್ತಿರತ್ತಿರ 259 ಕೆಜಿ ಮಣೂಕ ಸಿಗುತ್ತದೆ. 17 ಬ್ರಿಕ್ಸ್‌ನಲ್ಲಿ ಕೊಯ್ದರೆ ಸಿಗೋದು 200 ಕೆಜಿ. ಕೊಯ್ಯುವ ಕೂಲಿ, ಆಯಿಲ್, ಶೆಡ್ ಎಲ್ಲ ಅಷ್ಟೇ. ಆದರೆ ಟನ್ನಿಗೆ 59 ಕೆಜಿ ಮಣೂಕ ಹೋಯ್ತು.

ಆ ದಿನ ವಿಜಯಪುರಕ್ಕೆ ವಾಪಸ್ ಬರುವಾಗ ಒಂದೇ ಯೋಚನೆ. ವಾರವೆಲ್ಲ ತೋಟ ಸುತ್ತುವ ನನಗೆ ಸಿಗೋದು ಭಾನುವಾರ ಬೆಳಿಗ್ಗೆಯ ಮೂರು ತಾಸು. ಅದರಲ್ಲಿ ಕ್ಲಿಪ್ ಮಾಡಬೇಕಾ, ಉದ್ದಕ್ಕೆ ಬರೀಬೇಕಾ? ಎರಡೂ ಮಾಡ್ತೀನಿ ಅಂತ ಹೊರಟು ಎರಡನ್ನೂ ಅರ್ಧಂಬರ್ಧ ಮಾಡಿದ್ದೆ.

ಕ್ಲಿಪ್‌ಗೆ ಸಮಯ ಕಡಿಮೆ ಸಾಕು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನನಗೆ ಹಾಗಾಗಲಿಲ್ಲ. ಶೆಡ್‌ನಲ್ಲಿ ಬೆಳಕು ನೋಡಿ ನಿಲ್ಲಬೇಕು, ಮೂರು ನಾಲ್ಕು ಸಲ ಹೇಳಬೇಕು, ಆಮೇಲೆ ಕತ್ತರಿಸಿ ಅಕ್ಷರ ಕೂರಿಸಬೇಕು. ಎರಡೂವರೆ ತಾಸು ಹಾರಿಹೋಗುತ್ತಿತ್ತು. ಕೊನೆಗೆ ಉಳಿಯೋದು ನೂರು ಪದ, ಯಾಕಂದ್ರೆ ನಾನು ಅರ್ಥವಾಗುವಂತೆ ಮಾತಾಡಿದರೆ ನಿಮಿಷಕ್ಕೆ ಅಷ್ಟೇ. ಅದೇ ಹೊತ್ತಿನಲ್ಲಿ ಕೂತು ಬರೆದರೆ ಎಂಟುನೂರು, ಒಂಬೈನೂರು ಪದ ಆಗುತ್ತದೆ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಇರಬಹುದು ಅಂತಾಗಿದೆ. ಆದರೆ ನಾನು ಮೂರು ನಿಮಿಷ ಮಾತಾಡಿದರೂ ಮುನ್ನೂರು ಪದವೇ.

ಪದದ ಲೆಕ್ಕ ಬಿಡಿ, ನನ್ನ ಮನಸ್ಸು ಬದಲಾಗಿದ್ದು ಫೋನ್‌ನ ಕರೆಗಳಿಂದ. ಒಂದು ರಾತ್ರಿ ಕೂತು ಹಿಂದಿನ 20 ಕರೆಗಳನ್ನು ನೆನಪು ಮಾಡಿ ಬರೆದೆ. ಅದರಲ್ಲಿ 14 ಕರೆಗಳಿಗೆ ನಾನು ನೇರ ಉತ್ತರವನ್ನೇ ಕೊಟ್ಟಿರಲಿಲ್ಲ. ಮೊದಲು ವಾಪಸ್ ಒಂದು ಪ್ರಶ್ನೆ ಕೇಳಿದ್ದೆ. "ಬ್ರಿಕ್ಸ್ ಎಷ್ಟಿದೆ?" "ಮೋಡ ಇದೆಯಾ?" "ದ್ರಾವಣದಲ್ಲಿ ಎಷ್ಟು ಸಲ ಅದ್ದಿದಿರಿ?" ಉತ್ತರ ಹೇಳೋ ಮುಂಚೆ ನಾನೇ ಪ್ರಶ್ನೆ ಕೇಳಬೇಕಾಗುತ್ತೆ ಅಂದ್ರೆ, ಆ ವಿಷಯದ ಒಳಗೆ ಒಂದು "ಆದರೆ" ಇದೆ ಅಂತ ಅರ್ಥ. ಕ್ಲಿಪ್‌ನಲ್ಲಿ ಮೊದಲು ಕತ್ತರಿ ಬೀಳೋದು ಆ "ಆದರೆ"ಗೇ.

ಉಳಿದ ಆರು ಕರೆ ಬೇರೆ ಥರ. ಉದಾಹರಣೆಗೆ, ದ್ರಾವಣ ಸರಿಯಾಗಿ ಬೆರೆತಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ಪುಡಿಯನ್ನು ಮೊದಲು ನೀರಲ್ಲಿ ಪೂರ್ತಿ ಕರಗಿಸಿ, ಆಯಿಲ್ ಸಣ್ಣಗೆ ಸುರಿಯುತ್ತಾ ಕಲಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬೆರೆಯದಿದ್ದರೆ ಮೇಲೆ ಎಣ್ಣೆಯ ಪದರ ತೇಲುತ್ತದೆ. ಇದನ್ನು ಎಷ್ಟು ಚೆಂದ ಬರೆದರೂ ಹತ್ತು ಸೆಕೆಂಡಿನ ವಿಡಿಯೋಗೆ ಸಮ ಆಗಲ್ಲ. ಇಲ್ಲಿ ಕಣ್ಣಿಗೆ ಬೇಕಾದ ಉತ್ತರ ಕಣ್ಣಿಗೇ ಸಿಗಬೇಕು. ನನ್ನ ಗೆಳೆಯರೊಬ್ಬರು ದ್ರಾಕ್ಷಿಗೆ ಕಸಿ ಕಟ್ಟುವುದನ್ನು ಕಲಿಸುತ್ತಾರೆ. ಚಾಕು ಹಿಡಿಯುವ ಕೋನ, ಪಟ್ಟಿ ಸುತ್ತುವ ಬಿಗಿ, ಎಲ್ಲ ಕೈ ಕೆಲಸ. ಅವರು ಕ್ಲಿಪ್ ಬಿಟ್ಟು ಬರೆಯೋಕೆ ಕೂತರೆ ನಾನೇ ಬೇಡ ಅಂತೀನಿ. ಅವರ 20 ಕರೆ ಎಣಿಸಿದರೆ ಲೆಕ್ಕ ಉಲ್ಟಾ ಬರುತ್ತದೆ.

ನನ್ನ ಲೆಕ್ಕ ಬರಹದ ಕಡೆ ಬಂತು. ಅದಕ್ಕೆ ಅದನ್ನೇ ಆರಿಸಿಕೊಂಡೆ. ನೋಡೋರ ಸಂಖ್ಯೆ ಬಿದ್ದೇ ಬೀಳುತ್ತೆ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. ಕ್ಲಿಪ್ ನೋಡಿದವರಲ್ಲಿ ಒಂದು ಬಳ್ಳಿಯನ್ನೂ ಬೆಳೆಯದವರು ಜಾಸ್ತಿ ಇದ್ದರು. ನನಗೆ ಬೇಕಾದವರು ಶೆಡ್ ಬಾಡಿಗೆ ಕಟ್ಟಿ ಕೂತಿರುವವರು. ಅವರು ಓದುತ್ತಾರೆ. ಅಪ್ಪನಿಗೆ ಓದು ಬರದಿದ್ದರೆ ಕಟ್ಟೆ ಮೇಲೆ ಕೂತು ಮಗಳು ಓದಿ ಹೇಳುತ್ತಾಳೆ. ಬಬಲೇಶ್ವರದ ಹತ್ತಿರ ಇದನ್ನು ಕಣ್ಣಾರೆ ನೋಡಿದ್ದೀನಿ.

ಬರಹದಲ್ಲೂ ಎಡವೋದು ಸುಲಭ. ನನ್ನ ಮೊದಲ ಬರಹ ದ್ರಾಕ್ಷಿ ಸಿಪ್ಪೆಯ ಮೇಲಿನ ಮೇಣದ ಪದರದಿಂದ ಶುರುವಾಗಿತ್ತು. ಡಿಪಿಂಗ್ ಆಯಿಲ್ ಆ ಮೇಣವನ್ನು ಸಡಿಲ ಮಾಡುತ್ತೆ, ಅದಕ್ಕೇ ಹಣ್ಣು ಸುಮಾರು ಹದಿನೈದು ದಿನದಲ್ಲಿ ಒಣಗುತ್ತೆ ಅಂತೆಲ್ಲ ವಿವರಿಸಿದ್ದೆ. ಎಲ್ಲ ನಿಜವೇ. ಆದರೆ ಫೇಸ್‌ಬುಕ್ ಮೊದಲ ಕೆಲವು ಸಾಲು ಮಾತ್ರ ತೋರಿಸಿ ಉಳಿದಿದ್ದನ್ನು ಮಡಚಿಡುತ್ತದೆ. ಆ ಸಾಲುಗಳಲ್ಲಿ ರೈತನಿಗೆ ಏನೂ ಸಿಗಲಿಲ್ಲ. ಈಗ ಮೊದಲ ಸಾಲು ಹೀಗಿದೆ: "ಬ್ರಿಕ್ಸ್ 22ಕ್ಕಿಂತ ಕಡಿಮೆ ಇದ್ದರೆ ಇವತ್ತು ಕೊಯ್ಯಬೇಡಿ. ಮಳೆ ಬರೋ ಹಾಗಿದ್ದರೆ ಕೊನೆಯ ಭಾಗ ಓದಿ." ಮೇಣದ ಕತೆ ಕೆಳಗೆ ಹೋಯ್ತು. ಹೊಸದೇನಾದ್ರೂ ಗೊತ್ತಾದರೆ ಅದೇ ಬರಹಕ್ಕೆ ಸೇರಿಸುತ್ತೀನಿ, ಲಿಂಕ್ ಬದಲಾಗಲ್ಲ. ಯೂಟ್ಯೂಬಿಗೆ ಹಾಕಿದ ವಿಡಿಯೋದಲ್ಲಿ ಒಂದು ತಪ್ಪು ಅಂಕಿ ಹೇಳಿದ್ದರೆ, ಅದೇ ಲಿಂಕ್‌ನಲ್ಲಿ ಹೊಸ ವಿಡಿಯೋ ಕೂರಿಸೋಕೆ ಬರಲ್ಲ. ತೆಗೆದು ಹೊಸದು ಹಾಕಿದರೂ, ಡೌನ್‌ಲೋಡ್ ಆಗಿ ವಾಟ್ಸಾಪ್‌ನಲ್ಲಿ ಸುತ್ತುತ್ತಿರುವ ಹಳೆಯದನ್ನು ಹಿಡಿಯೋಕಾಗಲ್ಲ.

ಬರಹ ಕೆಲಸ ಮಾಡ್ತಿದೆಯಾ ಅಂತ ನಾನು ಲೈಕ್ ನೋಡಿ ಹೇಳಲ್ಲ. ಬರುವ ಪ್ರಶ್ನೆ ನೋಡ್ತೀನಿ. ಮೊದಲೆಲ್ಲ "ಎಷ್ಟು ಹಾಕ್ಬೇಕ್ರಿ?" ಅಷ್ಟೇ. ಈ ಮಾರ್ಚ್‌ನಲ್ಲಿ ಒಬ್ಬರು ಫೋನ್ ಮಾಡಿ ಕೇಳಿದರು: "ಸರ್ರ, ಓದೀನಿ. ನಂದು 20 ಐತಿ. ನಾಕು ದಿನಕ್ಕ ಮಳಿ ಅಂತಾರ. 22ರ ಹಾದಿ ಕಾಯ್ಲೋ, ಕೊಯ್ಲೋ?"

ಇದು ಆಗ ನನ್ನ ಬರಹದಲ್ಲಿ ಇರಲಿಲ್ಲ. ಇಬ್ಬರೂ ಫೋನ್‌ನಲ್ಲೇ ಲೆಕ್ಕ ಹಾಕಿದೆವು. 20 ಬ್ರಿಕ್ಸ್‌ಗೆ ಟನ್ನಿಗೆ ಸುಮಾರು 235 ಕೆಜಿ. ಅಂದ್ರೆ 24 ಕೆಜಿ ನಷ್ಟ. ಮಾಗಿದ ಹಣ್ಣಿನ ಮೇಲೆ ಮಳೆ ಬಿದ್ದು ಕಾಳು ಸೀಳಿದರೆ, ಕೊಳೆತು ಇದಕ್ಕಿಂತ ಜಾಸ್ತಿ ಹೋಗಬಹುದು. ಕೊಯ್ಯಿರಿ ಅಂದೆ. ಮಳೆ ಹೊತ್ತಿಗೆ ಶೆಡ್‌ನ ಪಕ್ಕದ ತಾಡಪತ್ರಿ ಇಳಿಸಿ, ಮಳೆ ನಿಂತ ಕೂಡಲೇ ಎತ್ತಿಬಿಡಿ, ಗಾಳಿ ಆಡದಿದ್ದರೆ ಬೂಷ್ಟು ಹಿಡಿಯುತ್ತೆ ಅಂತಲೂ ಹೇಳಿದೆ. ಆ ಭಾನುವಾರದ ಮೂರು ತಾಸು ಇದನ್ನು ಬರಹಕ್ಕೆ ಸೇರಿಸೋಕೇ ಹೋಯ್ತು.