ಬೇಗ ಸವೆದ ಟಯರ್ ಮತ್ತು ಡೀಲರ್‌ಗೆ ಬರೆದ ಪತ್ರ

"ಟ್ರೆಡ್ ಪೂರ್ತಿ ಸವೆದಿದೆ. ಲೆಕ್ಕ ಹಾಕಿದರೂ ನಿಮಗೆ ಸಿಗೋದು ಸೊನ್ನೆ." ಬೇಗ ಸವೆದ ಟಯರ್ ತೋರಿಸಿ ವಾರಂಟಿ ಕೇಳಿದಾಗ ಅಂಗಡಿಯಲ್ಲಿ ನನಗೆ ಸಿಕ್ಕ ಉತ್ತರ ಇದು. ಈ ಉತ್ತರ ತಪ್ಪು. ಯಾಕೆ ತಪ್ಪು ಅನ್ನೋದನ್ನು ಪತ್ರದಲ್ಲಿ ಬರೆದುಕೊಟ್ಟೆ. ನಿಮಗೂ ಉಪಯೋಗವಾಗಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ.

ಟಯರ್‌ಗೆ ಎರಡು ಬೇರೆ ಬೇರೆ ವಾರಂಟಿ ಇರಬಹುದು. ಒಂದು, ತಯಾರಿಕೆಯ ದೋಷಕ್ಕೆ ಕೊಡುವುದು. ಟಯರ್ ಉಬ್ಬಿತು, ಪದರ ಬಿಟ್ಟುಕೊಂಡಿತು ಅಂದರೆ ಇದು ಅನ್ವಯ. ಇಲ್ಲಿ ಸಾಮಾನ್ಯವಾಗಿ ಉಳಿದಿರುವ ಟ್ರೆಡ್ ಆಳದ ಮೇಲೆ ಲೆಕ್ಕ ಹಾಕುತ್ತಾರೆ. ಇನ್ನೊಂದು, ಇಷ್ಟು ಕಿಲೋಮೀಟರ್ ಬಾಳಿಕೆ ಬರುತ್ತೆ ಅಂತ ಕೊಡುವ ಮೈಲೇಜ್ ವಾರಂಟಿ. ಇದರಲ್ಲಿ ಲೆಕ್ಕ ಓಡಿದ ಕಿಲೋಮೀಟರ್ ಮೇಲೆ. ಟ್ರೆಡ್ ಸವೆದಿರಬೇಕು ಅನ್ನೋದೇ ಇಲ್ಲಿ ಷರತ್ತು! ಸವೆದಿದೆ ಅಂತ ಹೇಳಿ ಸೊನ್ನೆ ಕೊಡೋದು ಮೊದಲ ವಾರಂಟಿಯ ಲೆಕ್ಕವನ್ನು ಎರಡನೆಯದಕ್ಕೆ ತಂದು ಅಂಟಿಸಿದ ಹಾಗೆ.

ಎಲ್ಲ ಟಯರ್‌ಗೂ ಮೈಲೇಜ್ ವಾರಂಟಿ ಇರಲ್ಲ. ಹೊಸ ಗಾಡಿಯ ಜೊತೆ ಬಂದ ಟಯರ್‌ಗಳಿಗೆ ಎಷ್ಟೋ ಸಲ ಇರಲ್ಲ. ಹಾಗಾಗಿ ಮೊದಲು ವಾರಂಟಿ ಪುಸ್ತಕ ನೋಡಿ. ನನ್ನ ಟಯರ್‌ಗಳಿಗೆ 80,000 ಕಿಲೋಮೀಟರ್ ಅಂತ ಸ್ಪಷ್ಟವಾಗಿ ಬರೆದಿತ್ತು.

ಪತ್ರದ ಮುಖ್ಯ ಭಾಗ ಹೀಗಿದೆ:

"ಈ ನಾಲ್ಕು ಟಯರ್‌ಗಳನ್ನು ನಿಮ್ಮಲ್ಲಿ ಹಾಕಿಸಿದಾಗ ಮೀಟರ್ 31,200 ಇತ್ತು. ಬಿಲ್‌ನಲ್ಲಿ ಅದು ನಮೂದಾಗಿದೆ. ಈಗ 79,200. ಅಂದರೆ ಓಡಿರುವುದು 48,000 ಕಿಲೋಮೀಟರ್, ಹೇಳಿದ ಬಾಳಿಕೆಯ ಶೇ. 60. ಉಳಿದ ಶೇ. 40ರಷ್ಟನ್ನು ಮೈಲೇಜ್ ವಾರಂಟಿಯ ಪ್ರಕಾರ ಹೊಸ ಟಯರ್‌ಗಳ ಬೆಲೆಯಲ್ಲಿ ಕಳೆಯಬೇಕೆಂದು ಕೋರುತ್ತೇನೆ. ಸವೆತ ಅಗಲದುದ್ದಕ್ಕೂ ಒಂದೇ ಸಮ ಇದೆ. ಎಡ ಮುಂದಿನ ಟಯರ್‌ನಲ್ಲಿ ಉಳಿದಿರುವ ಟ್ರೆಡ್ ಆಳ ಹೊರಗಡೆ 1.6, ನಡುವೆ 1.5, ಒಳಗಡೆ 1.6 ಮಿಲಿಮೀಟರ್. ಉಳಿದ ಮೂರರ ಅಳತೆ, ಫೋಟೋ ಮತ್ತು ರೊಟೇಶನ್ ಬಿಲ್‌ಗಳನ್ನು ಲಗತ್ತಿಸಿದ್ದೇನೆ."

ಇಷ್ಟೇ. ಬೈಗುಳ ಇಲ್ಲ, "ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ" ಅನ್ನೋ ಮಾತಿಲ್ಲ. ಎಷ್ಟು ಕೇಳುತ್ತಿದ್ದೇನೆ, ಯಾವ ಆಧಾರದ ಮೇಲೆ ಅನ್ನೋದು ಒಂದೇ ನೋಟಕ್ಕೆ ಕಾಣಬೇಕು.

ಇದರಲ್ಲಿ ಅತಿ ಮುಖ್ಯ ಆ ಮೂರು ಅಳತೆಗಳು. ಡೀಲರ್ ಮೊದಲು ಹುಡುಕೋದೇ ಸಮ ಅಲ್ಲದ ಸವೆತ. ಎರಡೂ ಅಂಚು ಜಾಸ್ತಿ ಸವೆದಿದ್ದರೆ ಗಾಳಿ ಕಡಿಮೆ ಇತ್ತು ಅಂತಾರೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಹೋಗಿದ್ದರೆ ಅಲೈನ್‌ಮೆಂಟ್ ಸರಿ ಇರಲಿಲ್ಲ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ಬೆರಳು ತೋರಿಸುತ್ತಾರೆ. ನಿಜ ಹೇಳಬೇಕಂದ್ರೆ ಈ ವಾದಗಳಲ್ಲಿ ಹುರುಳಿದೆ. ಗಾಡಿಯ ತೊಂದರೆಗೆ ಟಯರ್ ಕಂಪನಿ ಹೊಣೆ ಆಗಲ್ಲ ಅಲ್ವಾ? ಆದರೆ ಮೂರೂ ಕಡೆ ಅಳತೆ ಹತ್ತಿರ ಹತ್ತಿರ ಇದ್ದರೆ ಈ ಯಾವ ಕಾರಣವೂ ಸುಲಭವಾಗಿ ಒಪ್ಪುವಂಥದ್ದಲ್ಲ.

ಟ್ರೆಡ್ ಗೇಜ್‌ನಲ್ಲಿ ಅಳೆಯೋದು ಸುಲಭ. ಅದರ ಸೂಜಿಯನ್ನು ಗ್ರೂವ್‌ನ ತಳಕ್ಕೆ ನೇರವಾಗಿ ಇಳಿಸಬೇಕು. ತಳದಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ, ಅದೇ ಸವೆತದ ಗುರುತು. ಅದರ ಮೇಲೆ ಸೂಜಿ ಇಟ್ಟರೆ ಅಳತೆ ತಪ್ಪುತ್ತೆ. ಕಾರ್ ಟಯರ್‌ನಲ್ಲಿ ಆ ಉಬ್ಬಿನ ಎತ್ತರ ಸುಮಾರು 1.6 ಮಿಲಿಮೀಟರ್. ಟ್ರೆಡ್ ಅದರ ಮಟ್ಟಕ್ಕೆ ಬಂದರೆ ಟಯರ್ ಮುಗಿದ ಹಾಗೆ. ಮೈಲೇಜ್ ವಾರಂಟಿ ಕೇಳೋದಕ್ಕೂ ಸಾಮಾನ್ಯವಾಗಿ ಅದೇ ಗೆರೆ. 3 ಮಿಲಿಮೀಟರ್ ಇರುವಾಗಲೇ ಹೋದರೆ "ಇನ್ನೂ ಓಡಿಸಿ" ಅಂತ ಕಳಿಸುತ್ತಾರೆ. ಆಗಲೂ ಅಳತೆ ಮತ್ತು ಮೀಟರ್ ರೀಡಿಂಗ್ ಬರೆಸಿಕೊಂಡು ಬನ್ನಿ.

ರೊಟೇಶನ್ ಅಂದರೆ ಟಯರ್‌ಗಳ ಜಾಗ ಅದಲು ಬದಲು ಮಾಡಿಸೋದು. ಅದರ ಬಿಲ್ ಇಲ್ಲದೆ ಕೇಳಿದರೆ ಅರ್ಜಿ ಬಿದ್ದುಹೋಗೋ ಸಾಧ್ಯತೆ ಜಾಸ್ತಿ. ಎಷ್ಟು ಕಿಲೋಮೀಟರ್‌ಗೆ ಒಮ್ಮೆ ಮಾಡಿಸಬೇಕು ಅನ್ನೋದು ವಾರಂಟಿ ಪುಸ್ತಕದಲ್ಲೇ ಇರುತ್ತೆ. ಬಿಲ್‌ನಲ್ಲಿ ದಿನಾಂಕದ ಜೊತೆ ಮೀಟರ್ ರೀಡಿಂಗ್ ಕೂಡ ಇರಬೇಕು, ಇಲ್ಲದಿದ್ದರೆ ಅದು ಪುರಾವೆ ಆಗಲ್ಲ.

ಕೈಗೆ ಹಣ ಬರುತ್ತೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದೇ ಅಥವಾ ಅದಕ್ಕೆ ಹೋಲುವ ಹೊಸ ಟಯರ್‌ನ ಬೆಲೆಯಲ್ಲಿ ಕಳೆಯುತ್ತಾರೆ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ತೆರಿಗೆ ಎಲ್ಲ ನಮ್ಮದೇ. ಶೇ. 40ನ್ನು ಇವತ್ತಿನ ಬೆಲೆಯ ಮೇಲೆ ಹಾಕುತ್ತಾರಾ, ಹಳೇ ಬಿಲ್ ಮೇಲಾ ಅನ್ನೋದು ಆಯಾ ವಾರಂಟಿಯ ಷರತ್ತು. ಪತ್ರ ಕೊಡುವ ಮುಂಚೆಯೇ ಅದನ್ನು ಓದಿಕೊಂಡಿರಿ.

ಡೀಲರ್ ಆಗಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅದನ್ನೂ ನಿಮ್ಮ ಪತ್ರವನ್ನೂ ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಕಳಿಸಿ. ಅದು ಇತ್ಯರ್ಥ ಆಗೋವರೆಗೆ ಹಳೇ ಟಯರ್‌ಗಳನ್ನು ಯಾರಿಗೂ ಕೊಡಬೇಡಿ. ತಪಾಸಣೆಗೆ ಟಯರೇ ಇಲ್ಲ ಅಂದರೆ ಅರ್ಜಿ ಅಲ್ಲಿಗೇ ಮುಗಿಯುತ್ತೆ.