ಶಕ್ತಿ ಮುಚ್ಚಳದಲ್ಲೋ, ಪೆನ್ನಿನಲ್ಲೋ?

ಹತ್ತು ಗಂಟೆಗೆ ಸಂದರ್ಶನ. ಒಂಬತ್ತೂ ಮುಕ್ಕಾಲಿಗೆ ನಾನು ಮಂಡಿಯೂರಿ ಕೂತು, ಸೋಫಾದ ಸಂದಿಯಲ್ಲಿ ಮೊಣಕೈವರೆಗೂ ಕೈ ತೂರಿಸಿದ್ದೆ. ಸಿಕ್ಕಿದ್ದು ಒಂದು ಗುಂಡಿ, ಎರಡು ಹೇರ್‌ಪಿನ್ನು, ಟಿವಿ ರಿಮೋಟಿನ ಹಿಂಬದಿಯ ಮುಚ್ಚಳ. ಈ ರಿಮೋಟಿನ ಮುಚ್ಚಳಕ್ಕಾಗಿ ಮನೆಯವರೆಲ್ಲ ಒಂದು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡಿದ್ದೆವು. ಬೇರೆ ದಿನವಾಗಿದ್ದರೆ ಹಬ್ಬ ಮಾಡುತ್ತಿದ್ದೆ. ಆದರೆ ನನಗೆ ಬೇಕಾಗಿದ್ದುದು ಪೆನ್ನು.

"ಕಾಲ್ ಬರೋದು ಲ್ಯಾಪ್‌ಟಾಪಿನಲ್ಲಿ. ಪೆನ್ನು ತಗೊಂಡು ಸ್ಕ್ರೀನ್ ಮೇಲೆ ಬರೀತೀಯಾ?" ಅಂದರು ನಮ್ಮನೆಯವರು, ಬಾಗಿಲಿಗೆ ಒರಗಿಕೊಂಡು. ಇಂಥ ಹೊತ್ತಿನಲ್ಲಿ ಒರಗಿಕೊಳ್ಳುವುದಕ್ಕೇ ಈ ಗಂಡಸರಿಗೆ ಬಾಗಿಲು ಮಾಡಿಸಿರುತ್ತಾರೆ.

"ರೀ, ಹುಡುಕೋದಾದ್ರೆ ಹುಡುಕಿ, ಇಲ್ಲಾಂದ್ರೆ ಆ ಕಡೆ ಹೋಗಿ."

"ಅದ್ರಲ್ಲಿ ಇಂಕೇ ಇಲ್ವಲ್ಲೇ!"

ಇಲ್ಲ. ಆ ನೀಲಿ ಪೆನ್ನಿನಲ್ಲಿ ಇಂಕು ಖಾಲಿಯಾಗಿ ಹನ್ನೊಂದು ವರ್ಷವಾಗಿದೆ. ಕ್ಲಿಪ್ಪು ಮುರಿದಿದೆ. ಮುಚ್ಚಳದ ತುದಿಯಲ್ಲಿ ನನ್ನದೇ ಹಲ್ಲಿನ ಗುರುತಿದೆ. ಪದವಿಯ ಕೊನೆಯ ವರ್ಷ ಈ ಪೆನ್ನಿನಲ್ಲಿ ಬರೆದ ಪತ್ರಿಕೆಯಲ್ಲಿ ನಾನೇ ನಂಬಲಾಗದಷ್ಟು ಅಂಕ ಬಂದಿತ್ತು. ಆ ಪತ್ರಿಕೆಗೆಂದು ಮೂರು ತಿಂಗಳು ನಿದ್ದೆಗೆಟ್ಟು ಓದಿದ್ದೆ ಅನ್ನುವುದು ಬೇರೆ ಮಾತು. ಓದಿದ್ದು ಮರೆತೇ ಹೋಯಿತು, ಪೆನ್ನು ಉಳಿಯಿತು. ಅಂದಿನಿಂದ ಯಾವ ಪರೀಕ್ಷೆ, ಯಾವ ಸಂದರ್ಶನವಾದರೂ ಅದು ನನ್ನ ಬಲಗೈಯ ಅಳತೆಯಲ್ಲಿ ಇರಲೇಬೇಕು. ನನಗೇನೂ ನಂಬಿಕೆ ಇಲ್ಲ. ಸುಮ್ಮನೆ ಇರಲಿ ಅಂತ, ಅಷ್ಟೆ.

ಈ "ಸುಮ್ಮನೆ ಇರಲಿ ಅಂತ" ಇದೆಯಲ್ಲ, ಅದೇ ಇವತ್ತು ನನ್ನ ಮಾನ ಕಳೆದದ್ದು. ಹತ್ತು ಗಂಟೆ ಆರು ನಿಮಿಷಕ್ಕೆ, ಕೂದಲಲ್ಲಿ ಸೋಫಾದ ದೂಳು ಹೊತ್ತು, ಪೆನ್ನಿಲ್ಲದೆ ಪರದೆಯ ಮುಂದೆ ಕೂತೆ. ಆ ಕಡೆ ಮೂರು ಜನ. "ನೆಟ್‌ವರ್ಕ್ ಸಮಸ್ಯೆ ಇತ್ತಾ?" ಅಂತ ಅವರೇ ಸುಳ್ಳನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ತೆಗೆದುಕೊಂಡೆ. ಆಮೇಲೆ ಲೋಕದ ಅತ್ಯಂತ ಸುಲಭದ ಪ್ರಶ್ನೆ: "ನಿಮ್ಮ ಬಗ್ಗೆ ಹೇಳಿ." ನಲವತ್ತಮೂರು ವರ್ಷ ನನ್ನ ಜೊತೆಯಲ್ಲೇ ಬದುಕಿದ್ದೇನೆ, ಹೇಳುವುದಕ್ಕೇನು ಕಷ್ಟ? ಆದರೆ ಬಾಯಿ ಒಂದು ಕಡೆ, ಕಣ್ಣು ಪೆನ್‌ಸ್ಟ್ಯಾಂಡಿನ ಕಡೆ. "ನಾನು... ಅಂದರೆ... ಹಿಂದೆ ಇದ್ದ ಕೆಲಸದಲ್ಲಿ ಇದ್ದೆ" ಅಂದೆ. ಮೂವರೂ ತಲೆಯಾಡಿಸಿದರು. ಇಷ್ಟು ಪ್ರಾಮಾಣಿಕವಾದ ಉತ್ತರ ಅವರಿಗೆ ಇವತ್ತು ಇನ್ನೊಂದು ಸಿಕ್ಕಿರಲಿಕ್ಕಿಲ್ಲ.

ಕಾಲ್ ಮುಗಿದ ಮೇಲೆ ಸಿಟ್ಟಿನಲ್ಲಿ ಒಂದು ಹಾಳೆ ತೆಗೆದುಕೊಂಡು (ಇಂಕಿರುವ ಪೆನ್ನಿನಿಂದಲೇ) ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದಲ್ಲಿ ನೆನಪಿರುವ ಪರೀಕ್ಷೆ, ಸಂದರ್ಶನಗಳು ಹನ್ನೊಂದು. ಪೆನ್ನು ಜೊತೆಗಿದ್ದದ್ದು ಏಳು ಸಲ, ಅದರಲ್ಲಿ ಗೆದ್ದದ್ದು ಐದು. ಮರೆತು ಹೋದದ್ದು ನಾಲ್ಕು ಸಲ, ಅದರಲ್ಲಿ ಗೆದ್ದದ್ದು ಮೂರು. ಅಂದರೆ ಪೆನ್ನಿದ್ದಾಗ ನೂರಕ್ಕೆ 71, ಇಲ್ಲದಾಗ 75. ಹನ್ನೊಂದೇ ಸಲದ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ ನಿಜ. ಆದರೂ ನನ್ನ ಅದೃಷ್ಟದ ಪೆನ್ನಿಗಿಂತ ಅದರ ಗೈರುಹಾಜರಿಯೇ ಒಂದು ಕೂದಲು ಮೇಲು ಅನ್ನುವುದನ್ನು ನನ್ನ ಕೈಬರಹದಲ್ಲೇ ನೋಡುವಾಗ ಹೊಟ್ಟೆಯಲ್ಲಿ ಒಂಥರಾ ಆಯಿತು.

ಇಪ್ಪತ್ತು ವರ್ಷ ಈ ಲೆಕ್ಕ ಯಾಕೆ ಹೊಳೆಯಲಿಲ್ಲ? ಯಾಕೆಂದರೆ ಪೆನ್ನಿದ್ದೂ ಸೋತ ಎರಡು ಸಲವೂ ನನ್ನ ಹತ್ತಿರ ಕಾರಣ ತಯಾರಿತ್ತು. ಒಂದು ಸಲ ಅದು ಕೈಯಲ್ಲಿರಲಿಲ್ಲ, ಬ್ಯಾಗಿನಲ್ಲಿತ್ತು. ಇನ್ನೊಂದು ಸಲ ಹಿಂದಿನ ದಿನ ಯಾರೋ ಕೇಳಿ ತೆಗೆದುಕೊಂಡು ಬರೆದು ಕೊಟ್ಟಿದ್ದರು. ಪೆನ್ನಿಲ್ಲದೆ ಗೆದ್ದ ಮೂರು ಸಲದ್ದು? ಅವು ಅದೃಷ್ಟ! ಗೆದ್ದರೆ ಪೆನ್ನಿನ ಮಹಿಮೆ, ಸೋತರೆ ನನ್ನ ತಪ್ಪು. ಇಷ್ಟು ಅನುಕೂಲದ ಕರಾರು ಯಾವ ನೌಕರನಿಗೂ ಸಿಕ್ಕಿರಲಾರದು.

ಸಂಜೆ ನಮ್ಮನೆಯವರು ಸಮಾಧಾನ ಮಾಡುವ ನೆಪದಲ್ಲಿ ಪಾರಿವಾಳದ ಕಥೆ ತೆಗೆದರು. 1948ರಲ್ಲಿ ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಹಸಿದ ಪಾರಿವಾಳಗಳನ್ನು ಪಂಜರದಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಹೊತ್ತಿಗೊಮ್ಮೆ ಕಾಳು ಬರುವ ಹಾಗೆ ಮಾಡಿದ. ಕಾಳು ಬಂದಾಗ ಅಕಸ್ಮಾತ್ತಾಗಿ ಸುತ್ತು ಹಾಕುತ್ತಿದ್ದ ಹಕ್ಕಿ ಸುತ್ತು ಹಾಕುತ್ತಲೇ ಹೋಯಿತು, ಇನ್ನೊಂದು ಪಂಜರದ ಮೂಲೆಗೆ ತಲೆ ತೂರಿಸುತ್ತಲೇ ಹೋಯಿತು. "ನೀನೂ ಹಾಗೇ" ಅಂದರು.

"ನಾನು ಹಕ್ಕಿ ಅಲ್ಲ" ಅಂದೆ.

ಮನುಷ್ಯರ ಮೇಲೂ ಮಾಡಿದ್ದಾರಂತೆ. ಮಾಡಿದ್ದು ನಿಜ, ಆಮೇಲೆ ನಾನೇ ಹುಡುಕಿ ಓದಿದೆ. 1987ರಲ್ಲಿ ಪ್ರಕಟವಾದ ಅಧ್ಯಯನ, ಮಾಡಿದವರು ಜಪಾನಿನ ಕೊಯಿಚಿ ಓನೊ. ಇಪ್ಪತ್ತು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಒಂದು ಕೋಣೆಯಲ್ಲಿ ಕೂರಿಸಿದರು. ಮುಂದೆ ಮೂರು ಹಿಡಿಕೆಗಳು, ಅಂಕ ಎಣಿಸುವ ಒಂದು ಯಂತ್ರ. ಅಂಕ ಗಳಿಸಿ, ಅಷ್ಟೆ. ಹಿಡಿಕೆಗೂ ಅಂಕಕ್ಕೂ ಯಾವ ಸಂಬಂಧವೂ ಇರಲಿಲ್ಲ, ಅಂಕ ತನ್ನ ಪಾಡಿಗೆ ತಾನು ಬರುತ್ತಿತ್ತು. ಹೆಚ್ಚಿನವರು ಸ್ವಲ್ಪ ಹೊತ್ತು ಏನೇನೋ ಮಾಡಿ ಬಿಟ್ಟರು. ಒಬ್ಬಳು ಮಾತ್ರ ಹಿಡಿಕೆ ಬಿಟ್ಟು ಮೇಜು ಹತ್ತಿದಳು. ಅದು ಇದು ಮುಟ್ಟಿ ನೋಡಿದಳು. ಮೇಜಿನಿಂದ ಕೆಳಕ್ಕೆ ಹಾರಿದಾಗ ಒಂದು ಅಂಕ ಬಂತು. ಹಾರಿದ್ದಕ್ಕೇ ಬಂತು! ಮತ್ತೆ ಹಾರಿದಳು. ಕೊನೆಗೆ ಕೈಯಲ್ಲಿ ಚಪ್ಪಲಿ ಹಿಡಿದು, ಹಾರಿ ಹಾರಿ ಛಾವಣಿ ಮುಟ್ಟುತ್ತಾ ಹೋದಳು. ನಿಲ್ಲಿಸಿದ್ದು ಬಹುಶಃ ಸುಸ್ತಾಗಿ.

ಓದುವಾಗ ನಕ್ಕೆ. ನಗುತ್ತಲೇ ಸೋಫಾದ ಸಂದಿ ನೆನಪಾಯಿತು, ನಗು ನಿಂತಿತು. ಆ ಹುಡುಗಿಗಾದರೂ ಅಂಕ ಹೇಗೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ. ನನಗೆ ಹೇಗೆ ಬರುತ್ತದೆ ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಚಪ್ಪಲಿ ಹಿಡಿದು ಹಾರುವವಳನ್ನು ಏನನ್ನಬೇಕು?

ಅದಕ್ಕೂ ಉತ್ತರ ಇದೆ. ಜೇನ್ ರೈಸೆನ್ ಎಂಬ ಮನಶ್ಶಾಸ್ತ್ರಜ್ಞೆ 2016ರಲ್ಲಿ ಬರೆದಿರುವ ಪ್ರಕಾರ, ತಪ್ಪನ್ನು ಕಂಡುಹಿಡಿಯುವುದು ಒಂದು ಕೆಲಸ, ತಿದ್ದಿಕೊಳ್ಳುವುದು ಇನ್ನೊಂದು. ನಾವು ಇವೆರಡೂ ಒಂದೇ ಅಂದುಕೊಂಡಿದ್ದೇವೆ. ಮನಸ್ಸು "ಇದು ಮೂರ್ಖತನ" ಅಂತ ಸ್ಪಷ್ಟವಾಗಿ ಹೇಳಿಯೂ "ಇರಲಿ ಬಿಡು" ಅಂತ ಮುಂದೆ ಹೋಗಬಲ್ಲದು. ಅದಕ್ಕೆ ಅಂಥ ಖರ್ಚೂ ಇಲ್ಲ. ಪೆನ್ನು ಜೇಬಿಗೆ ಹಾಕಿಕೊಳ್ಳಲು ಬೇಕಾದದ್ದು ಎರಡು ಸೆಕೆಂಡು. ಪೆನ್ನು ಇಟ್ಟುಕೊಂಡು ಸೋತರೆ ಪ್ರಶ್ನೆಪತ್ರಿಕೆ ಕಷ್ಟವಿತ್ತು ಅನ್ನಬಹುದು. ಬೇಕೆಂದೇ ಬಿಟ್ಟು ಹೋಗಿ ಸೋತರೆ? ಸಾಯುವವರೆಗೂ "ಛೆ, ತಗೊಂಡು ಹೋಗಬಹುದಿತ್ತು" ಅಂತ ಒಂದು ಮುಳ್ಳು. ನನಗೆ ಪೆನ್ನಿನ ಮೇಲೆ ಭಕ್ತಿ ಇಲ್ಲ, ಆ ಮುಳ್ಳಿನ ಮೇಲೆ ಭಯ ಇದೆ.

ಈ ಎರಡು ಸೆಕೆಂಡಿನ ವ್ಯಾಪಾರ ಲಾಭದ್ದೇ, ಪೆನ್ನು ಸಿಗುವವರೆಗೆ. ಸಿಗದ ದಿನ ಬಡ್ಡಿ ಸಮೇತ ವಸೂಲಾಗುತ್ತದೆ. ಇದ್ದಾಗ ಅದು ನನಗೆ ಒಂದು ಉತ್ತರವನ್ನೂ ಹೇಳಿಕೊಟ್ಟಿಲ್ಲ. ಇಲ್ಲದಾಗ ಗೊತ್ತಿದ್ದ ಉತ್ತರವನ್ನೂ ನುಂಗಿಬಿಟ್ಟಿತು.

ಪೆನ್ನು ಎಲ್ಲಿತ್ತು ಅಂತ ಹೇಳಲೇ ಇಲ್ಲ. ಸಂಜೆ ಮಗಳು ಶಾಲೆಯಿಂದ ಬಂದು, ಜಾಮೆಟ್ರಿ ಪೆಟ್ಟಿಗೆ ತೆಗೆದು, ನಯವಾಗಿ ಮೇಜಿನ ಮೇಲೆ ಇಟ್ಟಳು. ಇವತ್ತು ಅವಳಿಗೆ ಗಣಿತದ ಪರೀಕ್ಷೆ.

"ನಂಗೇನೂ ನಂಬಿಕೆ ಇಲ್ಲಮ್ಮಾ. ಸುಮ್ನೆ ಇರಲಿ ಅಂತ."

ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಅವಳ ಧ್ವನಿಯಲ್ಲಿ ನನ್ನದೇ ಧ್ವನಿ.

ಇನ್ನು ನಮ್ಮ ಮನೆಯ ವಿಚಾರವಾದಿಗಳ ಸಂಗತಿ. ಮಗಳನ್ನು ಪರೀಕ್ಷೆಗೆ ಬಿಡಲು ಹೋದರೆ, ಅವಳು ಒಳಗೆ ಹೋಗಿ ಗಂಟೆ ಹೊಡೆಯುವವರೆಗೂ ಗೇಟಿನ ಹೊರಗೆ ಕಾರಿನಲ್ಲೇ ಕೂತಿರುತ್ತಾರೆ. ಎಂಜಿನ್ ಆಫ್, ಕಿಟಕಿ ಅರ್ಧ ಇಳಿಸಿ. ಯಾಕೆ ಅಂದರೆ "ಟ್ರಾಫಿಕ್ ಇತ್ತು" ಅನ್ನುತ್ತಾರೆ. ನಿಂತ ಕಾರಿಗೆ ಯಾವ ಟ್ರಾಫಿಕ್ಕು? ಒಂದು ಸಲ ಗಂಟೆಗೆ ಮೊದಲೇ ಹೊರಟು ಬಂದ ದಿನ ಅವಳಿಗೆ ಅಂಕ ಕಡಿಮೆ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿಲ್ಲ, ನಾನೂ ಕೇಳಿಲ್ಲ.

ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ವಾಸವಿದ್ದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಒಂದು ಮಾತು ಗಮನಿಸಿದ್ದ. ಅಲ್ಲಿನ ಜನ ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರತಂತ್ರವನ್ನೂ ಮಾಡುತ್ತಿರಲಿಲ್ಲ. ಅಲ್ಲಿ ಕೈಚಳಕ ಸಾಕು, ಮೀನು ಖಚಿತ. ತೆರೆದ ಸಮುದ್ರಕ್ಕೆ ಹೊರಟಾಗ ಮಾತ್ರ ಎಲ್ಲಾ ವಿಧಿವಿಧಾನ. ಪರೀಕ್ಷೆ ಬರೆಯುವವರ ಕೈಯಲ್ಲಿ ಕೊನೆಗೊಂದು ಓದಾದರೂ ಇರುತ್ತದೆ. ಗೇಟಿನ ಹೊರಗೆ ಕೂತವರ ಕೈಯಲ್ಲಿ ಏನಿದೆ? ನನ್ನ ಅಪ್ಪನೂ ಯಾವುದನ್ನೂ ನಂಬುವವರಲ್ಲ. ಆದರೆ ನನ್ನ ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ಹಳೇ ಪೇಪರು ಹಾಸಿಕೊಂಡು ಕೂತು, ಬ್ಲೇಡಿನಿಂದ ಆರು ಪೆನ್ಸಿಲ್ ಕೆತ್ತುತ್ತಿದ್ದರು. ಪೆನ್ಸಿಲ್ಲೇ ಬೇಡದ ಇತಿಹಾಸದ ಪತ್ರಿಕೆಗೂ ಆರು. ಐದು ಕೆತ್ತಿಟ್ಟು ಎದ್ದದ್ದು ನಾನು ನೋಡಿಲ್ಲ. ಆ ಪೇಪರಿನ ಮೇಲೆ ಬೀಳುತ್ತಿದ್ದ ಸಿಪ್ಪೆಯ ಸುರುಳಿಯ ವಾಸನೆ ಈಗಲೂ ಮೂಗಿನಲ್ಲಿದೆ. ಕೇಳಬೇಕೆಂದರೆ ಅವರಿಲ್ಲ.

ರಾತ್ರಿ ಒಂಬತ್ತಕ್ಕೆ ಮೇಲ್ ಬಂತು. ಎರಡನೇ ಸುತ್ತಿಗೆ ಕರೆದಿದ್ದಾರೆ. ಅಂದರೆ ಪೆನ್ನಿಲ್ಲದ ಲೆಕ್ಕಕ್ಕೆ ಇನ್ನೊಂದು ಗೆಲುವು: ಐದಕ್ಕೆ ನಾಲ್ಕು, ನೂರಕ್ಕೆ 80. ಹಾಳೆಯಲ್ಲಿ ತಿದ್ದಿ ಬರೆದೆ. ಆಮೇಲೆ ದಿನಾಂಕ ನೋಡಿದೆ. ಮುಂದಿನ ಗುರುವಾರ, ಬೆಳಗ್ಗೆ ಹತ್ತಕ್ಕೆ.

"ಅವತ್ತು ನಂಗೆ ವಿಜ್ಞಾನದ ಪರೀಕ್ಷೆ" ಅಂದಳು ಮಗಳು, ಪೆನ್ನಿನ ಮೇಲೆ ಮೆಲ್ಲಗೆ ಕೈ ಇಡುತ್ತಾ.

"ಪೆನ್ನು ನಂದು."

"ನಿಂಗೆ ಅದಿಲ್ದೇನೇ ಎಂಬತ್ತು ಪರ್ಸೆಂಟ್ ಬರುತ್ತಲ್ಲಮ್ಮಾ."

ನಮ್ಮನೆಯವರು ಪತ್ರಿಕೆ ಮಡಿಸಿಟ್ಟು ಕನ್ನಡಕ ತೆಗೆದರು. ಇನ್ನೊಂದು ಪಾರಿವಾಳ ಬರುತ್ತದೆ ಅಂದುಕೊಂಡೆ.

"ಮುಚ್ಚಳ ಒಬ್ಬರು ಇಟ್ಕೊಳ್ಳಿ, ಪೆನ್ನು ಒಬ್ಬರು ಇಟ್ಕೊಳ್ಳಿ" ಅಂದರು.

ಒಂದು ಕ್ಷಣ ಮನೆಯಲ್ಲಿ ಸದ್ದಿಲ್ಲ. ಹತ್ತೂವರೆಯಾದರೂ ತೀರ್ಮಾನವಾಗಿಲ್ಲ. ಹಲ್ಲಿನ ಗುರುತು ಇರುವುದು ಮುಚ್ಚಳದಲ್ಲಿ, ಆದ್ದರಿಂದ ಶಕ್ತಿ ಅಲ್ಲೇ ಅನ್ನುವುದು ನನ್ನ ವಾದ. ಬರೆದದ್ದು ಪೆನ್ನಲ್ಲವಾ ಅನ್ನುವುದು ಮಗಳದ್ದು. ನಮ್ಮನೆಯವರು ರಿಮೋಟಿಗೆ ಆ ಮುಚ್ಚಳ ಹಾಕುತ್ತಾ, ಮುರಿದ ಕ್ಲಿಪ್ಪಿನ ಚೂರು ಎಲ್ಲಿಟ್ಟಿದ್ದೀಯಾ ಅಂತ ಎರಡು ಸಲ ಕೇಳಿದರು.